ಬೆಲ್ಲದ ತೂಕ, ಮಾತಿನ ತೂಕ

ಮಂಡ್ಯದ ಸೀಮೆಯಲ್ಲಿ ಬೆಲ್ಲದ ವಿಷಯವಾಗಿ ಅಭಿಪ್ರಾಯವಿಲ್ಲದವರು ದೊರೆಯುವುದು ದುರ್ಲಭ. ಹಿಂದೆ ಜಗಲಿಯ ಮೇಲೆ ನಡೆಯುತ್ತಿದ್ದ ಆ ತರ್ಕ ಇಂದು ಮೊಬೈಲಿನ ಪರದೆಗೆ ಬಂದಿದೆ. ಬೆರಳಿನಿಂದ ಒಂದೊಂದಾಗಿ ಸರಿಸುತ್ತ ನೋಡುವ ಚಿತ್ರಮಾಲೆಗೆ ಕ್ಯಾರೊಸೆಲ್ ಎಂದು ಹೆಸರು. ಇನ್‌ಸ್ಟಗ್ರಾಮ್ 2017ರಲ್ಲಿ ಇಂಥ ಮಾಲೆಗೆ ಹತ್ತು ಚಿತ್ರಗಳ ಅವಕಾಶ ಕೊಟ್ಟಿತು. 2024ರಲ್ಲಿ ಅದನ್ನು ಇಪ್ಪತ್ತಕ್ಕೆ ಏರಿಸಿತು. ಬೆಲ್ಲ ಬೆಲ್ಲಗಳನ್ನು ಪ್ರಾಮಾಣಿಕವಾಗಿ ಹೋಲಿಸುವುದಕ್ಕೆ ಎಂಟೇ ಸಾಕು. ಆ ಎಂಟನ್ನು ಹೇಗೆ ಬರೆಯಬೇಕೆಂಬುದೇ ಈ ವಾರದ ವಿಚಾರ.

ಮೊದಲ ತೊಡಕು ಪ್ರಶ್ನೆಯಲ್ಲಿಯೇ ಇದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ—ಈ ನಾಲ್ಕು ಪೇಟೆಗಳಲ್ಲಿ ಒಂದೊಂದು ಅಚ್ಚು ಕೊಂಡು ತಂದು, "ಯಾವ ಊರಿನ ಬೆಲ್ಲ ಶ್ರೇಷ್ಠ?" ಎಂದು ಕೇಳುವ ಆಸೆ ಸಹಜವಾದುದೇ. ಆದರೆ ಬೆಲ್ಲವನ್ನು ಮಾರಿದ ಊರೂ ಕಾಸಿದ ಊರೂ ಒಂದೇ ಆಗಿರಬೇಕಾಗಿಲ್ಲ. ಬಹುಮಟ್ಟಿಗೆ ಮಳೆಯನ್ನೇ ನಂಬಿ ರಾಗಿ ಬೆಳೆಯುವ ನಾಗಮಂಗಲದ ಅಂಗಡಿಯಲ್ಲಿ, ನಾಲೆಯ ನೀರುಂಡ ಪಾಂಡವಪುರದ ಕಬ್ಬಿನ ಬೆಲ್ಲವೇ ಇರಬಹುದು. ಒಂದೇ ಆಲೆಮನೆಯಲ್ಲಿಯೂ ಇಂದಿನ ಕೊಪ್ಪರಿಗೆಯಂತೆ ನಾಳೆಯ ಕೊಪ್ಪರಿಗೆ ಇರುವುದಿಲ್ಲ. ಆದುದರಿಂದ ಊರುಗಳಿಗೆ ಪಂದ್ಯ ಕಟ್ಟದೆ, ಗೃಹಿಣಿ ಅಂಗಡಿಯಲ್ಲಿ ನಿಜವಾಗಿಯೂ ಎದುರಿಸುವ ಆಯ್ಕೆಯನ್ನು ಹಿಡಿಯುವುದೇ ಮೇಲು: ತಿಳಿಹಳದಿಯ ಅಚ್ಚುಬೆಲ್ಲ, ಕಡುಕಂದಿನ ಅಚ್ಚುಬೆಲ್ಲ, ಪೊಟ್ಟಣದಲ್ಲಿ ಬರುವ ಬೆಲ್ಲದ ಪುಡಿ. ಇವನ್ನು ಕ್ರಮವಾಗಿ 'ಅ', 'ಆ', 'ಇ' ಎಂದು ಕರೆಯೋಣ.

ಮೊದಲ ಚಿತ್ರದಲ್ಲಿ ಪ್ರಶ್ನೆಯಿರಲಿ. ಅದರ ಕೆಳಗೇ ಹಣ ಕೊಟ್ಟವರು ಯಾರೆಂಬುದೂ ಇರಲಿ. ಮಾರುವವರಿಂದ ಹಣವನ್ನೋ ಉಚಿತ ವಸ್ತುವನ್ನೋ ಪಡೆದಿದ್ದರೆ, ಅವರೊಡನೆ ನೆಂಟತನವಿದ್ದರೆ, ಅದನ್ನು ನೋಡುವವರ ಕಣ್ಣಿಗೆ ತಪ್ಪದಂತೆ ಹೇಳಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ತಿಳಿಸಿದೆ. ಕೊನೆಯ ಚಿತ್ರದವರೆಗೆ ಬರುವವರು ಕಡಿಮೆ. ಆದುದರಿಂದ ಈ ಮಾತನ್ನು ಕೊನೆಗೆ ಇಡುವುದು ಬಚ್ಚಿಟ್ಟಂತೆಯೇ ಸರಿ. ಎರಡನೆಯ ಚಿತ್ರದಲ್ಲಿ ಮೂರು ಬೆಲ್ಲಗಳನ್ನೂ ಒಂದೇ ಬೆಳಕಿನಲ್ಲಿ ತೋರಿಸಿ, ಕೊಂಡ ಪೇಟೆ, ದಿನಾಂಕ, ತೂಕಗಳನ್ನು ಬರೆಯತಕ್ಕದ್ದು.

ಮೂರನೆಯ ಚಿತ್ರ ಒರೆಗಲ್ಲುಗಳದು. ಬೆಲೆ, ಕಸ, ಬಾಳಿಕೆ, ರುಚಿ—ಈ ನಾಲ್ಕನ್ನು ಬೆಲ್ಲ ತರುವುದಕ್ಕೆ ಮುಂಚೆಯೇ ಬರೆದಿಡಬೇಕು. ರುಚಿ ನೋಡಿದ ಮೇಲೆ ಒರೆಗಲ್ಲು ಹುಡುಕಹೊರಟರೆ, ಮನಸ್ಸಿಗೆ ಹಿಡಿದ ಬೆಲ್ಲ ಗೆಲ್ಲುವಂಥ ಕಲ್ಲೇ ಕೈಗೆ ಸಿಗುತ್ತದೆ.

ಇಲ್ಲಿ ಬಣ್ಣವನ್ನು ಬೇಕೆಂದೇ ಬಿಟ್ಟಿದೆ. ಬೆಲ್ಲವನ್ನು ಬೆಳ್ಳಗೆ ಮಾಡಲು ಹೈಡ್ರೋಸ್ ಎಂಬ ಗಂಧಕದ ರಾಸಾಯನಿಕವನ್ನು ಹಾಕುವುದುಂಟು. ಹಾಗೆಂದು ತಿಳಿಬಣ್ಣದ ಬೆಲ್ಲವೆಲ್ಲ ಹೈಡ್ರೋಸ್ ಕಂಡದ್ದಲ್ಲ. ಕಬ್ಬಿನ ತಳಿ, ನೆಲದ ಗುಣ, ಬೆಂಡೆಗಿಡದ ಲೋಳೆ ಹಾಕಿ ಮಡ್ಡಿ ತೆಗೆದ ಕೈಚಳಕ—ಇವೂ ಬಣ್ಣವನ್ನು ತಿಳಿಗೊಳಿಸುತ್ತವೆ. ಅಂತೆಯೇ ಕಪ್ಪು ಬಣ್ಣ ಶುದ್ಧತೆಯ ಮುದ್ರೆಯಲ್ಲ. ಪಾಕ ಮಿತಿಮೀರಿ ಕಾದರೂ ಬೆಲ್ಲ ಕಪ್ಪಾಗುತ್ತದೆ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ದಶಲಕ್ಷಕ್ಕೆ 70 ಭಾಗ ಮೀರಕೂಡದೆಂದು ನಿಯಮವಿದೆ. ಅದನ್ನು ಅಳೆಯಬಲ್ಲುದು ಪ್ರಯೋಗಾಲಯವೇ ಹೊರತು ಕಣ್ಣಲ್ಲ. ಆದುದರಿಂದ ಇದೇ ಚಿತ್ರದ ಅಡಿಯಲ್ಲಿ, "ರಾಸಾಯನಿಕವನ್ನು ನಾವು ಪರೀಕ್ಷಿಸಿಲ್ಲ" ಎಂಬ ಒಂದು ಸಾಲು ಇರಲೇಬೇಕು.

ಮುಂದಿನ ನಾಲ್ಕು ಚಿತ್ರಗಳು ನಾಲ್ಕು ಪರೀಕ್ಷೆಗಳಿಗೆ. ಇಲ್ಲಿ ಕೊಡುವ ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸಲು ಕಲ್ಪಿಸಿಕೊಂಡವು. ಬೆಲೆಯನ್ನು ಎಲ್ಲಕ್ಕೂ ಒಂದೇ ಅಳತೆಗೆ ತರಬೇಕು. 'ಅ' ಕಿಲೋಗೆ 60 ರೂಪಾಯಿ, 'ಆ' 75 ರೂಪಾಯಿ, 'ಇ' ಅರ್ಧ ಕಿಲೋ ಪೊಟ್ಟಣಕ್ಕೆ 70 ರೂಪಾಯಿ ಎಂದಿರಲಿ. ಪೊಟ್ಟಣದ ಬೆಲೆಯನ್ನೇ ಬರೆದರೆ 'ಇ' 'ಆ'ಗಿಂತ ಅಗ್ಗವೆಂದು ತೋರುತ್ತದೆ; ಕಿಲೋಗೆ ಅದು 140 ರೂಪಾಯಿ.

ಕಸವನ್ನು ಅಳೆಯಲು ಬೆಲ್ಲವನ್ನು ಬಿಸಿನೀರಿನಲ್ಲಿ ಕರಗಿಸಿ, ಮೊದಲೇ ತೂಗಿಟ್ಟ ಒಣಬಟ್ಟೆಯಲ್ಲಿ ಸೋಸಿ, ಬಟ್ಟೆಯ ಮೇಲೆ ಬಿಸಿನೀರು ಹೊಯ್ದು ಸಿಹಿ ತೆಗೆದು, ಚೆನ್ನಾಗಿ ಒಣಗಿಸಿ ಮತ್ತೆ ತೂಗಬೇಕು. ಅಡಿಗೆಮನೆಯ ತಕ್ಕಡಿ ಒಂದು ಗ್ರಾಮಿಗಿಂತ ಸೂಕ್ಷ್ಮವಾಗಿ ಹೇಳಲಾರದು. ನೂರು ಗ್ರಾಮ್ ಬೆಲ್ಲ ತೆಗೆದುಕೊಂಡರೆ ಸಿಗುವ ಕಸ ಒಂದೆರಡು ಗ್ರಾಮ್. ಅದು ನಿಜವೋ ತಕ್ಕಡಿಯ ತಪ್ಪೋ ತಿಳಿಯದು. ಐನೂರು ಗ್ರಾಮ್ ತೆಗೆದುಕೊಂಡಾಗ ವ್ಯತ್ಯಾಸ ಕಾಣಿಸುತ್ತದೆ. 'ಅ' 4 ಗ್ರಾಮ್, 'ಆ' 9, 'ಇ' 3 ಬಂದಿತೆನ್ನಿ. 4ಕ್ಕೂ 3ಕ್ಕೂ ನಡುವೆ ತಕ್ಕಡಿಯ ಒಂದು ಗ್ರಾಮಿನ ಅಂತರವಷ್ಟೇ ಇರುವುದರಿಂದ 'ಅ' ಮತ್ತು 'ಇ' ಸಮವೆಂದೇ ಬರೆಯಬೇಕು. 'ಆ' ಮಾತ್ರ ಹಿಂದೆ ಬಿತ್ತು.

ಬಾಳಿಕೆಗೆ, ಒಂದೇ ಬಗೆಯ ಮುಚ್ಚಳದ ಡಬ್ಬಿಗಳಲ್ಲಿ ಸಮತೂಕದ ಬೆಲ್ಲವನ್ನು ತುಂಬಿ, ಒಂದೇ ಕಪಾಟಿನಲ್ಲಿ ಹದಿನಾಲ್ಕು ದಿನ ಇರಿಸಿ, ದಿನವೂ ಒಮ್ಮೆ ತೆರೆದು ಮುಚ್ಚಬೇಕು. ಏರಿದ ತೂಕವೇ ಅದು ಹೀರಿದ ತೇವ. ಪುಡಿ ಬೇಗ ಗಂಟು ಕಟ್ಟಬಹುದು. ಮಳೆಗಾಲದ ಫಲ ಬೇಸಗೆಗೆ ಹೊಂದದಾದುದರಿಂದ ತಿಂಗಳನ್ನೂ ಬರೆಯಬೇಕು.

ರುಚಿಯ ಪರೀಕ್ಷೆಯಲ್ಲಿ ಮೋಸ ಸುಲಭ, ಅದೂ ನಮಗೆ ನಾವೇ ಮಾಡಿಕೊಳ್ಳುವ ಮೋಸ. ಮೂರನ್ನೂ ಒಂದೇ ಪ್ರಮಾಣದಲ್ಲಿ ಕರಗಿಸಿ ಸೋಸಿ, ಗುರುತು ಬಲ್ಲ ಒಬ್ಬರು ಲೋಟಗಳಿಗೆ ಹಾಕಲಿ. ಗುರುತರಿಯದ ಐವರು ಕಣ್ಣು ಮುಚ್ಚಿ ಕುಡಿಯಲಿ. ಜೊತೆಗೆ ನಾಲ್ಕನೆಯ ಲೋಟವೊಂದಿರಲಿ. ಅದರಲ್ಲಿ ಈ ಮೂರರಲ್ಲಿ ಒಂದನ್ನೇ ಮತ್ತೆ ತುಂಬಿಡಲಿ. ಒಂದೇ ಬೆಲ್ಲದ ಎರಡು ಲೋಟಗಳನ್ನು ಒಬ್ಬರು ಒಮ್ಮೆ ಮೊದಲನೆಯದೆಂದೂ ಒಮ್ಮೆ ಕೊನೆಯದೆಂದೂ ಎಣಿಸಿದರೆ, ಅವರ ಮತದ ಬೆಲೆಯೆಷ್ಟೆಂದು ಬೇರೆ ಹೇಳಬೇಕಾಗಿಲ್ಲ. ಐವರಲ್ಲಿ ಮೂವರು 'ಆ'ವನ್ನು ಮೆಚ್ಚಿದರೆ, "ಐವರಲ್ಲಿ ಮೂವರು" ಎಂದೇ ಬರೆಯಿರಿ. "ಶೇಕಡ 60 ಮಂದಿ" ಎಂದರೆ ಊರಿಗೆ ಊರೇ ಮೆಚ್ಚಿದಂತೆ ಕೇಳಿಸುತ್ತದೆ.

ಇನ್ನು ಎಂಟನೆಯ ಚಿತ್ರ, ತೀರ್ಪು. ಅಂಕಗಳನ್ನು ಕೂಡಿಸಿ ಒಬ್ಬ ವಿಜೇತನನ್ನು ಘೋಷಿಸುವ ಚಪಲ ಇಲ್ಲಿಯೇ ಹುಟ್ಟುವುದು. ಆದರೆ ರೂಪಾಯಿ, ಗ್ರಾಮು, ನಾಲಗೆ—ಇವನ್ನು ಕೂಡಿಸಲು ಸಮಾನ ಮಾನವಿಲ್ಲ. ಬೆಲೆಗೆ ಹೆಚ್ಚು ಮನ್ನಣೆ ಕೊಟ್ಟರೆ 'ಅ' ಗೆಲ್ಲುತ್ತದೆ; ರುಚಿಗೆ ಕೊಟ್ಟರೆ 'ಆ'. ಹಾಗಿರುವಾಗ ಒಂದೇ ಹೆಸರು ಹೇಳುವುದು ನಮ್ಮ ಒಲವನ್ನು ಅಳತೆಯ ವೇಷದಲ್ಲಿ ತೋರಿಸಿದಂತೆ. ಆದುದರಿಂದ ಯಾರಿಗೆ ಯಾವುದು ಎಂದು ಹೇಳುವುದೇ ನ್ಯಾಯ: "ದಿನದ ಅಡಿಗೆಗೆ, ಕೈಬಿಗಿ ಇರುವಲ್ಲಿ, 'ಅ'. ರುಚಿಗಾಗಿ ತಿನ್ನುವವರಿಗೆ 'ಆ', ಆದರೆ ಸೋಸಿಯೇ ಬಳಸಬೇಕು. ಕುಟ್ಟುವ ಶ್ರಮ ಬೇಡವೆಂದು ಇಮ್ಮಡಿಗಿಂತ ಹೆಚ್ಚು ಬೆಲೆ ಕೊಡಬಲ್ಲವರಿಗೆ 'ಇ'." ಸೋತ ವಸ್ತುವಿನ ಒಂದು ಗುಣವೂ, ಗೆದ್ದ ವಸ್ತುವಿನ ಒಂದು ದೋಷವೂ ಇಲ್ಲಿ ಕಾಣದಿದ್ದರೆ ಅದು ತೀರ್ಪಲ್ಲ, ಜಾಹೀರಾತು.

ಕಡೆಯದಾಗಿ ಒಂದು ಎಚ್ಚರ. ಜನ ಈ ಎಂಟನೆಯ ಚಿತ್ರವೊಂದನ್ನೇ ತೆಗೆದು ವಾಟ್ಸ್‌ಆಪಿನಲ್ಲಿ ನೆಂಟರಿಗೆ ಕಳುಹಿಸುತ್ತಾರೆ. ಉಳಿದ ಏಳು ಹಿಂದೆಯೇ ಉಳಿಯುತ್ತವೆ. ಅದಕ್ಕಾಗಿ ಕೊಂಡ ದಿನಾಂಕ, "ಈ ಮೂರು ಮಾದರಿಗಳಿಗೆ ಮಾತ್ರ" ಎಂಬ ಮಿತಿ, "ರಾಸಾಯನಿಕ ಪರೀಕ್ಷೆಯಾಗಿಲ್ಲ" ಎಂಬ ಸಾಲು, ಹಣ ಕೊಟ್ಟವರಾರೆಂಬ ಮಾತು—ಈ ನಾಲ್ಕನ್ನೂ ತೀರ್ಪಿನ ಚಿತ್ರದ ಮೇಲೆಯೇ ಮತ್ತೊಮ್ಮೆ ಅಚ್ಚೊತ್ತಬೇಕು. ಮುಂದಿನ ವಾರ ಅದೇ ಅಂಗಡಿಗೆ ಬೇರೊಂದು ಆಲೆಮನೆಯ ಬೆಲ್ಲ ಬಂದಿರಬಹುದು. ಆಗ ಅದನ್ನು ಕೊಂಡು ಸಪ್ಪೆ ಮೋರೆ ಹಾಕಿದ ಗೃಹಿಣಿ ಆ ದಿನಾಂಕವನ್ನು ನೋಡಿದರೆ, ಬರೆದವರನ್ನು ಶಪಿಸದೆ ಬೆಲ್ಲವನ್ನು ಇನ್ನೊಮ್ಮೆ ತೂಗಿ ನೋಡುವಳು.