ಕೆಂಪು ಶಾಯಿ ಸುತ್ತಿದ್ದು ಯಾವುದಕ್ಕೆ?

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು 'ನಮ್ಮೂರ ಕೆರೆ' ಕುರಿತು ಬರೆದ ಪ್ರಬಂಧವನ್ನು ನಾವು ನೋಡಿದೆವು. 'ಹೂಳು' ಅನ್ನುವುದನ್ನು ಮೂರು ಕಡೆ 'ಊಳು' ಎಂದು ಬರೆದಿದ್ದಾಳೆ. ಮೂರಕ್ಕೂ ಕೆಂಪು ಸುತ್ತು, ಮೂರು ಸಲ ಅಂಕ ಕಡಿತ. ಹಕಾರ ಬಿಡುವುದು ಆಡುಮಾತಿನ ರೂಢಿ. ತಿದ್ದಬೇಕು, ನಿಜ. ಆದರೆ ಅದು ಒಂದೇ ತಪ್ಪು, ಮೂರಲ್ಲ.

'ಊಳು ತೆಗೆದರೆ ಆದ್ದರಿಂದ ನೀರು ನಿಲ್ಲುತ್ತದೆ' ಎಂಬ ವಾಕ್ಯದಲ್ಲೂ ಸುತ್ತು ಬಿದ್ದಿದ್ದು 'ಊಳು' ಮೇಲೆಯೇ. 'ತೆಗೆದರೆ' ಅಂದಮೇಲೆ 'ಆದ್ದರಿಂದ' ಯಾಕೆ? ವಾಕ್ಯ ಮುರಿದಿದ್ದು ಅಲ್ಲಿ. ಅದನ್ನು ಯಾರೂ ಮುಟ್ಟಿಲ್ಲ.

ಶುರುವಿನ 'ಹನಿ ಹನಿ ಗೂಡಿದರೆ ಹಳ್ಳ'ಕ್ಕೆ ಮಾತ್ರ ದೊಡ್ಡ ರೈಟ್ ಗುರುತು. ಅದು ಗೈಡಿನ ಗಾದೆ. ಮುಂದಿನ ವಾಕ್ಯ ಕೆರೆ ಕಟ್ಟಿಸಿದವರ ಬಗ್ಗೆ ಇದೆ, ಎರಡಕ್ಕೂ ಕೊಂಡಿಯೇ ಇಲ್ಲ. ಗಾದೆ ಬಿಟ್ಟು ಓದಿ ನೋಡಿ, ಪ್ರಬಂಧ ಏನನ್ನೂ ಕಳೆದುಕೊಳ್ಳುವುದಿಲ್ಲ.

ಕೊನೆಗೆ ಅವಳು ಬರೆದಿದ್ದು: 'ದೊಡ್ಡೋರೆಲ್ಲ ಕೈಚೆಲ್ಲಿ ಕೂತರು, ತೂಬು ಸೋರ್ತಾನೇ ಇದೆ.' ನುಡಿಗಟ್ಟು ಜಾಗಕ್ಕೆ ಸರಿಯಾಗಿ ಕೂತಿದೆ, 'ತೂಬು' ಕೆರೆ ಏರಿ ಮೇಲೆ ಓಡಾಡಿದವಳ ಪದ. ಪದಸಂಪತ್ತಿನ ಅಂಕ ಸಲ್ಲಬೇಕಿದ್ದು ಇಲ್ಲಿ. 'ಸೋರುತ್ತಲೇ' ಎಂದು ಪಕ್ಕದಲ್ಲಿ ಬರೆದಿದ್ದರೆ ಸಾಕಿತ್ತು. ಮೇಷ್ಟ್ರು ಇಡೀ ಸಾಲನ್ನೇ ಹೊಡೆದು ಹಾಕಿದ್ದಾರೆ.