ಲಾಗ್‌ನಲ್ಲಿ ಎರಡು ಹೆಸರಿರಲಿ
ಗ್ರಾಹಕರ ಸಮಸ್ಯೆ ನೋಡೋಕೆ ಸಪೋರ್ಟ್‌ನವರು ಅವರ ಖಾತೆಯೊಳಗೆ ಹೋಗೋದು ತಪ್ಪಲ್ಲ. ಮಾಡಿದ್ದನ್ನೆಲ್ಲ ಗ್ರಾಹಕರ ಹೆಸರಿಗೇ ಬರೆದು ಬರೋದು ತಪ್ಪು.

ಸಂಬಳದ ಸಾಫ್ಟ್‌ವೇರ್ ಅಂದುಕೊಳ್ಳಿ. ಪೇಸ್ಲಿಪ್ ತೆರೆಯುತ್ತಿಲ್ಲ ಅಂತ ಎಚ್‌ಆರ್ ಮೇಡಂ ಟಿಕೆಟ್ ಹಾಕ್ತಾರೆ. ಸಪೋರ್ಟ್ ಹುಡುಗ ಅವರಾಗಿ ಒಳಹೊಕ್ಕು, ಕೈತಪ್ಪಿ ಯಾರದೋ ಬ್ಯಾಂಕ್ ಖಾತೆ ಸಂಖ್ಯೆ ಬದಲಿಸ್ತಾನೆ. ಲಾಗ್ ತೆಗೆದರೆ ಮೇಡಂ ಹೆಸರೊಂದೇ! ಮಾಡದ ತಪ್ಪಿಗೆ ಅವರು ಉತ್ತರ ಕೊಡಬೇಕು.

ದಾರಿ 2020ರ ಆರ್‌ಎಫ್‌ಸಿ 8693ರಲ್ಲೇ ಇದೆ: ಟೋಕನ್‌ನ `sub` ಗ್ರಾಹಕರದು, `act` ಅವರ ಪರವಾಗಿ ಕೆಲಸ ಮಾಡುತ್ತಿರುವವರದು. ಪ್ರತಿ ಲಾಗ್ ಸಾಲಿನಲ್ಲೂ ಎರಡನ್ನೂ ಬರೆಯಿರಿ. ಒಪ್ಪಿಗೆ ಆ ಟಿಕೆಟ್‌ಗೆ, ಅರ್ಧ ಗಂಟೆಗೆ ಮಾತ್ರ. ಬ್ಯಾಂಕ್ ವಿವರ ಬದಲಿಸುವ ಬಟನ್ ಮರೆಮಾಡಿದರೆ ಸಾಲದು, `act` ಕಂಡರೆ ಸರ್ವರೇ ನಿರಾಕರಿಸಬೇಕು.

ಸೈನ್‌ಅಪ್‌ನಲ್ಲಿ ಟಿಕ್ ಹಾಕಿದ್ದಾರಲ್ಲ ಅಂತೀರಾ? ಹಾಗಾದರೆ ಆ ಲಾಗನ್ನು ಅವರಿಗೇ ತೋರಿಸೋಕೆ ಹಿಂಜರಿಕೆ ಯಾಕೆ?