ಒಂದು ನೋಟೀಸು, ಎರಡು ಬಗೆಯ ಅಂಕಿ: ಧಾರಾವಿಯಲ್ಲಿ ಇದು ಸಣ್ಣ ತಪ್ಪಲ್ಲ

ಧಾರಾವಿಯ ಪುನರ್ವಿಕಾಸ ಯೋಜನೆಯಲ್ಲಿ ಎರಡು ದಿನಾಂಕಗಳು ಬಹುಮುಖ್ಯ. 2000ರ ಜನವರಿ 1ಕ್ಕೆ ಮುಂಚಿನಿಂದ ಇರುವ ನೆಲ ಅಂತಸ್ತಿನ ಮನೆಯವರಿಗೆ ಧಾರಾವಿಯಲ್ಲೇ 350 ಚದರ ಅಡಿಯ ಮನೆ ಉಚಿತ. ಅಲ್ಲಿಂದ 2011ರ ಜನವರಿ 1ರವರೆಗಿನವರಿಗೆ ಧಾರಾವಿಯ ಹೊರಗೆ 300 ಚದರ ಅಡಿ, ಅದೂ ಎರಡೂವರೆ ಲಕ್ಷ ರೂಪಾಯಿ ಕಟ್ಟಿ. ಈ ನಿಯಮಗಳ ಮೂಲ ಪ್ರಕಟಣೆ ಮರಾಠಿ, ಇಂಗ್ಲಿಷಿನಲ್ಲಿರುತ್ತದೆ. ಕನ್ನಡ ಮಾತ್ರ ಓದಬಲ್ಲ ನಮ್ಮ ಹಿರಿಯರಿಗಾಗಿ ಅದನ್ನು ಕನ್ನಡಕ್ಕೆ ತಂದು ಫಲಕಕ್ಕೆ ಅಂಟಿಸುವ ಕೆಲಸ ಸಂಘಗಳ ಕಾರ್ಯಕರ್ತರ ಪಾಲಿಗೆ ಬರುತ್ತದೆ. ಎಡವಟ್ಟಾಗುವುದು ಇಲ್ಲಿಯೇ.

ಇಂಥ ಪ್ರತಿಯಲ್ಲಿ ಬರಬಹುದಾದ ಒಂದು ಸಾಲನ್ನು ನೋಡೋಣ: ‘1-1-೨೦೦೦ ರಿಂದ ೧-೧-೨೦೧1 ರ ತನಕದ ವಾಸಿಗಳಿಗೆ 3೦೦ ಚ. ಅಡಿ, ರೂ. ೨.5 ಲಕ್ಷ.’ ಕಣ್ಣಿಗೆ ಕಾಣುವುದು ಬರೀ ಅಂದಗೇಡಿತನ. ಆದರೆ ಕನ್ನಡದ ೧ ಎಂದರೆ ಒಂದು ಕಡೆ ಚೂರು ತೆರೆದಿರುವ ಸೊನ್ನೆಯೇ ಹೊರತು ಬೇರೆಯಲ್ಲ. ಝೆರಾಕ್ಸಿನ ಮೇಲೆ ಝೆರಾಕ್ಸು ತೆಗೆದಾಗ ಆ ತೆರಪು ಮುಚ್ಚಿಹೋಗುತ್ತದೆ. ಆಗ ೨೦೧೧ ಎಂಬುದು ೨೦೦೦ ಆಗಿ ಕಾಣುತ್ತದೆ. ಅರ್ಹತೆಯ ಎರಡು ಗೆರೆಗಳೂ ಒಂದೇ ಆಗಿಬಿಟ್ಟರೆ 2005ರಲ್ಲಿ ಬಂದು ನೆಲೆಸಿದ ಕುಟುಂಬ ತನಗೆ ಏನೂ ಇಲ್ಲವೆಂದು ಸುಮ್ಮನಾಗಬಹುದು, ಕಾಗದಪತ್ರ ಕೊಡದೆಯೂ ಉಳಿಯಬಹುದು.

ಬೆರಕೆ ಆಗುವುದಾದರೂ ಹೇಗೆ? ಹಳೆಯ ನುಡಿ ಫಾಂಟುಗಳಲ್ಲಿ ಹೆಸರಿನ ಕೊನೆಗೆ ‘k’ ಇದ್ದರೆ ಕನ್ನಡ ಅಂಕಿ, ‘e’ ಇದ್ದರೆ ಇಂಗ್ಲಿಷ್ ಅಂಕಿ ಮೂಡುತ್ತದೆ. ಒತ್ತುವ ಕೀ ಒಂದೇ. ಹಳೆಯ ನೋಟೀಸಿನ ಒಂದು ಪ್ಯಾರಾ, ಹೊಸದರ ಒಂದು ಪ್ಯಾರಾ ಜೋಡಿಸಿದರೆ ಅಂಕಿಗಳೂ ಎರಡಾಗುತ್ತವೆ. ಯುನಿಕೋಡಿನಲ್ಲಿ ಕನ್ನಡದ ೧ ಮತ್ತು 1 ಬೇರೆ ಬೇರೆ ಅಕ್ಷರಗಳೇ ಆಗಿವೆ. ಆದ್ದರಿಂದ ಕಂಪ್ಯೂಟರಿನಲ್ಲಿ 2011 ಎಂದು ಹುಡುಕಿದರೆ ‘೨೦೧1’ ಸಾಮಾನ್ಯವಾಗಿ ಸಿಗುವುದಿಲ್ಲ, ತಿದ್ದುವವನ ಕಣ್ಣಿಗೂ ಬೀಳುವುದಿಲ್ಲ. ಮುಂಬಯಿಯಲ್ಲಿ ಇನ್ನೊಂದು ತೊಡಕಿದೆ. ಮರಾಠಿ ಮೂಲದ १ ನಮ್ಮವರಿಗೆ 9ರಂತೆ ಕಾಣುತ್ತದೆ, १५ ಎಂಬುದು 95 ಆಗಿ ಇಳಿಯುವ ಅಪಾಯವಿದೆ.

ತಿದ್ದುವಾಗ ಮೊದಲು ಮೂಲ ಪ್ರತಿಯನ್ನು ಪಕ್ಕಕ್ಕಿಟ್ಟು, ಕನ್ನಡ ಪ್ರತಿಯ ಪ್ರತಿಯೊಂದು ಅಂಕಿಗೂ ಕೆಂಪು ಶಾಯಿಯಲ್ಲಿ ಸುತ್ತು ಹಾಕಬೇಕು. ಮನೆಯ ಸರ್ವೆ ಸಂಖ್ಯೆ, ಫೋನ್ ನಂಬರು ಮುಂತಾದವು ಮೂಲ ಕಾಗದದಲ್ಲಿ ಇದ್ದಂತೆಯೇ ಇರಬೇಕು, ಏಕೆಂದರೆ ಕಚೇರಿಯ ಕಿಟಕಿಯಲ್ಲಿ ಹೊಂದಿಸಿ ನೋಡುವುದು ಅದನ್ನೇ. ಅವು ಸಾಮಾನ್ಯವಾಗಿ ಇಂಗ್ಲಿಷ್ ಅಂಕಿಯಲ್ಲಿರುವುದರಿಂದ ಇಂಥ ನೋಟೀಸಿಗೆ ಉದ್ದಕ್ಕೂ ಅದೇ ಅಂಕಿ ಬಳಸುವುದು ಲೇಸು ಎಂಬುದು ನಮ್ಮ ಅಭಿಪ್ರಾಯ.

ಬಳಿಕ ಕಂಪ್ಯೂಟರಿನಲ್ಲಿ ೧ರಿಂದ ೯ರವರೆಗೆ ಒಂದೊಂದನ್ನೇ ಬದಲಿಸಬಹುದು. ಆದರೆ ಸೊನ್ನೆಯ ಬಗ್ಗೆ ಎಚ್ಚರ! ಎಷ್ಟೋ ಟೈಪಿಸ್ಟರು ಅನುಸ್ವಾರದ ಜಾಗದಲ್ಲಿ ಸೊನ್ನೆಯನ್ನೇ ಒತ್ತಿರುತ್ತಾರೆ. ಎಲ್ಲ ೦ಗಳನ್ನೂ ಒಮ್ಮೆಗೇ ಬದಲಿಸಿದರೆ ‘ಸ೦ಘ’ ಹೋಗಿ ‘ಸ0ಘ’ ಆಗುತ್ತದೆ. ಪದಗಳೊಳಗಿನ ಸೊನ್ನೆಯನ್ನು ಮೊದಲು ಅನುಸ್ವಾರವಾಗಿ ತಿದ್ದಿ, ಆಮೇಲೆ ಅಂಕಿಗೆ ಕೈ ಹಾಕಬೇಕು.

ದಿನಾಂಕದ ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ, ಹಣವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಕೊಡಿ. ಮೇಲಿನ ಸಾಲು ಆಗ ಹೀಗಾಗುತ್ತದೆ: ‘2000ರ ಜನವರಿ 1ರಿಂದ 2011ರ ಜನವರಿ 1ರ ತನಕದ ವಾಸಿಗಳಿಗೆ 300 ಚದರ ಅಡಿ, ರೂ. 2.5 ಲಕ್ಷ (ಎರಡೂವರೆ ಲಕ್ಷ).’ ಕೊನೆಗೆ ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕನ್ನಡ ಪ್ರತಿಯಲ್ಲಿ ಬೆರಳಿಟ್ಟು ನೋಡಬೇಕು.

ಈಗಾಗಲೇ ಅಂಟಿಸಿದ ನೋಟೀಸಾದರೆ ಅದರ ಮೇಲೆ ಪೆನ್ನಿನಲ್ಲಿ ಗೀಚಬೇಡಿ. ಯಾರು, ಯಾವಾಗ ತಿದ್ದಿದರೆಂಬ ಜಗಳಕ್ಕೆ ಅದೇ ದಾರಿಯಾಗುತ್ತದೆ. ಯಾವ ಸಾಲಿನಲ್ಲಿ ಏನು ಬದಲಾಯಿತೆಂದು ತಾರೀಖು ಹಾಕಿ ತಿದ್ದುಪಡಿ ಹೊರಡಿಸಿ, ಹಳೆಯ ಪ್ರತಿಯನ್ನು ತೆಗೆದುಬಿಡಿ.

ಇದು ಕನ್ನಡ ಅಂಕಿಗೆ ಮಾಡುವ ಅನ್ಯಾಯವೆಂದು ಕೆಲವರು ಮುನಿಯಬಹುದು. ನಾವು ಇಂಗ್ಲಿಷ್ ಅಂಕಿ ಎನ್ನುವುದನ್ನು ಸಂವಿಧಾನದ 343ನೇ ವಿಧಿ ‘ಭಾರತೀಯ ಅಂಕಿಗಳ ಅಂತಾರಾಷ್ಟ್ರೀಯ ರೂಪ’ ಎಂದೇ ಕರೆದಿದೆ. ಸಂಘದ ಆಮಂತ್ರಣ ಪತ್ರಿಕೆ, ಸ್ಮರಣ ಸಂಚಿಕೆ, ಫಲಕಗಳಲ್ಲಿ ಕನ್ನಡ ಅಂಕಿ ಧಾರಾಳವಾಗಿ ಮೆರೆಯಲಿ. ನೋಟೀಸಿನಲ್ಲೂ ಕನ್ನಡ ಅಂಕಿಯೇ ಬೇಕೆಂದು ಸಂಘ ತೀರ್ಮಾನಿಸಿದರೆ ಅದೂ ಸರಿ, ಆದರೆ ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ ಅದೇ ಇರಲಿ, ಪ್ರತಿಯೊಂದು ಇಸವಿಯೂ ಕಂಸದೊಳಗೆ ಅಕ್ಷರದಲ್ಲಿ ಬರಲಿ. ಮನೆ ಸಿಗುವುದೂ ತಪ್ಪುವುದೂ ಒಂದು ಇಸವಿಯ ಮೇಲೆ ನಿಂತಿರುವಾಗ ಓದುವವರು ಊಹಿಸುವಂತಾಗಬಾರದು.